ಚಿತ್ರಕ್ಕೆ ಸಿಗದ ಪದಗಳನ್ನು ನೆನಪಿಟ್ಟುಕೊಂಡ ಬಗೆ: ನನ್ನ ಅನುಭವ

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾನು ಹಾಸನದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಪತ್ರಿಕೆಗೆ ತಯಾರಾಗುತ್ತಿದ್ದಾಗ ಪದಸಂಪತ್ತಿಗಾಗಿ ಕೀಲಿಪದ ವಿಧಾನವನ್ನು ಆರಿಸಿಕೊಂಡೆ. ಅದರಲ್ಲಿ ಎರಡು ಕೊಂಡಿಗಳಿವೆ. ಹೊಸ ಪದದ ಉಚ್ಚಾರಣೆಯನ್ನು ಹೋಲುವ ಪರಿಚಿತ ಪದವೊಂದನ್ನು ನಮ್ಮ ಭಾಷೆಯಲ್ಲಿ ಹುಡುಕುವುದು ಮೊದಲನೆಯದು. ಆ ಕೀಲಿಪದವೂ ಹೊಸ ಪದದ ಅರ್ಥವೂ ಒಂದೇ ಚಿತ್ರದೊಳಗೆ ಪರಸ್ಪರ ತಾಗುವಂತೆ ಕಲ್ಪಿಸಿಕೊಳ್ಳುವುದು ಎರಡನೆಯದು. ‘ಕಜೋಲ್’ ಎಂಬ ಪದಕ್ಕೆ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದ ಮೊಮ್ಮಗನ ಮುಂದೆ ಅಜ್ಜಿ ಕಜ್ಜಾಯ ಹಿಡಿದು ಪುಸಲಾಯಿಸುತ್ತಿರುವ ಚಿತ್ರ ಸಾಕು. ಪುಸಲಾಯಿಸುವುದು ಕಣ್ಣಿಗೆ ಕಾಣುವ ಕ್ರಿಯೆಯಾದ್ದರಿಂದ ಅಲ್ಲಿ ಯಾವ ತೊಡಕೂ ಇಲ್ಲ. ಆದರೆ ‘ಮಿಟಿಗೇಟ್’, ‘ಆಂಬಿವಲೆಂಟ್’, ‘ಕ್ಯಾಂಡರ್’ ಮೊದಲಾದವುಗಳ ಅರ್ಥಕ್ಕೆ ಆಕಾರವೇ ಇಲ್ಲ. ಅಂಥ ಪದಗಳನ್ನು ನಾನು ಹೇಗೆ ಕಟ್ಟಿಕೊಂಡೆನೆಂಬುದಷ್ಟೇ ಈ ಬರಹದ ವಿಷಯ.

ಅಮೂರ್ತ ಪದದ ಅರ್ಥವನ್ನೇ ಚಿತ್ರಿಸಲು ಹೋದಾಗ ಸಾಮಾನ್ಯವಾಗಿ ಸಿಗುವುದು ಸಂಕೇತ: ನ್ಯಾಯಕ್ಕೆ ತಕ್ಕಡಿ, ಶಾಂತಿಗೆ ಪಾರಿವಾಳ. ನ್ಯಾಯ, ಸಮಾನತೆ, ನಿಷ್ಪಕ್ಷಪಾತ ಎಲ್ಲಕ್ಕೂ ಅದೇ ತಕ್ಕಡಿ ಒದಗುವುದರಿಂದ ಪರೀಕ್ಷೆಯಲ್ಲಿ ನಾಲ್ಕು ಹತ್ತಿರದ ಆಯ್ಕೆಗಳನ್ನು ಕೊಟ್ಟಾಗ ಸಂಕೇತ ಯಾವುದನ್ನೂ ತಳ್ಳಿಹಾಕುವುದಿಲ್ಲ. ಆದ್ದರಿಂದ ನಾನು ಪದವನ್ನು ಚಿತ್ರಿಸುವ ಬದಲು, ಆ ಪದ ಸತ್ಯವಾಗುವ ಒಂದು ಸಣ್ಣ ಸಂಗತಿಯನ್ನು ಆರಿಸಿ, ಕೀಲಿಪದವನ್ನು ಅದರೊಳಗೆ ಕೆಲಸ ಮಾಡುವ ವಸ್ತುವನ್ನಾಗಿ ಇಡುತ್ತಿದ್ದೆ. ಅನಂತರ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಇದೇ ಚಿತ್ರವನ್ನು ನೆರೆಯ ಅರ್ಥದ ಪದಕ್ಕೂ ಬಳಸಬಹುದೇ? ಬಳಸಬಹುದಾದರೆ ಚಿತ್ರ ಇನ್ನೂ ಸಿದ್ಧವಾಗಿಲ್ಲ ಎಂದರ್ಥ.

‘ಮಿಟಿಗೇಟ್’ ಎಂದರೆ ಹಾನಿಯ ಅಥವಾ ಅಪಾಯದ ತೀವ್ರತೆಯನ್ನು ತಗ್ಗಿಸುವುದು. ಉಚ್ಚಾರಣೆಯಲ್ಲಿ ‘ಮಿತಿ’ ಮತ್ತು ‘ಗೇಟು’ ಎರಡೂ ಕೇಳಿಸುತ್ತವೆ. ಗೇಟು ಕಣ್ಣಿಗೆ ಕಾಣುತ್ತದೆ. ಆದರೆ ಮುಚ್ಚಿದ ಗೇಟಿನ ಚಿತ್ರ ‘ತಡೆ’ ಎಂಬ ಅರ್ಥವನ್ನು ಕೊಡುತ್ತದೆ, ಅದು ‘ಪ್ರಿವೆಂಟ್’ ಎಂಬ ಬೇರೆಯದೇ ಪದ. ಹಾಗಾಗಿ ಗೊರೂರಿನ ಹೇಮಾವತಿ ಅಣೆಕಟ್ಟನ್ನು ಆರಿಸಿಕೊಂಡೆ. ಮೂಡಿಗೆರೆ, ಸಕಲೇಶಪುರಗಳ ಕಡೆ ಜೋರು ಮಳೆ ಹಿಡಿದು ನದಿ ಕೆಂಪಾಗಿ ನುಗ್ಗಿಬರುತ್ತಿದೆ. ನೀರನ್ನು ಪೂರ್ತಿ ಹಿಡಿದಿಡಲಾಗದು, ಒಮ್ಮೆಲೇ ಬಿಡಲೂ ಆಗದು. ಗೇಟುಗಳನ್ನು ಸ್ವಲ್ಪವೇ ಎತ್ತಿದ್ದಾರೆ. ‘ಮಿತಿ’ ತಾನೇ ಅಮೂರ್ತವಾದ್ದರಿಂದ ಅದನ್ನು ಗೋಡೆಯ ಮೇಲೆ ಬಳಿದ ಕೆಂಪು ಗೆರೆಯಾಗಿಸಿದೆ. ಕೆಳಗಿನ ಗದ್ದೆಯ ಬದು ಮುಳುಗಿದೆ, ಮನೆಯ ಹೊಸ್ತಿಲು ಮುಳುಗಿಲ್ಲ. ಈ ಮುಳುಗಿದ ಬದುವೇ ಚಿತ್ರದ ಮುಖ್ಯ ಅಂಗ: ಹಾನಿ ಆಗಿದೆ, ಆದರೆ ಆಗಬಹುದಾಗಿದ್ದಷ್ಟು ಆಗಿಲ್ಲ. ಬದು ಒಣಗಿದ್ದರೆ ಅದು ‘ಪ್ರಿವೆಂಟ್’ ಆಗುತ್ತಿತ್ತು. ಕೊನೆಗೆ, ಬೆಳೆ ವಿಮೆ ರೈತನ ನಷ್ಟವನ್ನು ಮಿಟಿಗೇಟ್ ಮಾಡುತ್ತದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದನ್ನು, ಪದಕ್ಕೊಂದರಂತೆ ಮಾಡಿಕೊಂಡಿದ್ದ ಕಾರ್ಡಿನಲ್ಲಿ ಬರೆದೆ. ಈ ಕ್ರಿಯಾಪದಕ್ಕೆ ನಷ್ಟ, ಅಪಾಯ, ಪರಿಣಾಮ ಇಂಥವೇ ಕರ್ಮವಾಗಿ ಬರುತ್ತವೆಂಬುದನ್ನು ಯಾವ ಚಿತ್ರವೂ ಕಲಿಸುವುದಿಲ್ಲ, ವಾಕ್ಯ ಕಲಿಸುತ್ತದೆ.

‘ಆಂಬಿವಲೆಂಟ್’ ಇನ್ನೂ ನಾಜೂಕಿನದು. ಕಿವಿಗೆ ‘ಅಂಬಿಗ’ ಮತ್ತು ‘ವಾಲು’ ಸಲೀಸಾಗಿ ಬೀಳುತ್ತವೆ, ಎರಡು ದೋಣಿಯಲ್ಲಿ ಕಾಲಿಟ್ಟು ವಾಲುತ್ತಿರುವ ಅಂಬಿಗ ತಾನಾಗಿಯೇ ಎದುರು ನಿಲ್ಲುತ್ತಾನೆ. ಆದರೆ ನಮ್ಮ ಮಾತಿನಲ್ಲಿ ಎರಡು ದೋಣಿಯಲ್ಲಿ ಕಾಲಿಡುವುದೆಂದರೆ ಒಂದನ್ನು ಆರಿಸದೆ ಎರಡನ್ನೂ ಹಿಡಿದುಕೊಳ್ಳುವುದು. ಈ ಪದಕ್ಕೋ ಒಂದೇ ವಿಷಯದ ಬಗ್ಗೆ ಒಂದೇ ಹೊತ್ತಿನಲ್ಲಿ ಎರಡು ವಿರುದ್ಧ ಭಾವಗಳಿರಬೇಕು. ಹೀಗಾಗಿ ದೋಣಿಯನ್ನು ಒಂದಕ್ಕೆ ಇಳಿಸಿದೆ. ಅಂಬಿಗನ ಮಗ ಬೆಂಗಳೂರಿನ ನೌಕರಿಗೆಂದು ಹೊರಟು ದೋಣಿ ಹತ್ತಿದ್ದಾನೆ. ಸಂತೋಷದಿಂದ ಹುಟ್ಟು ಹಾಕಲು ಮುಂದಕ್ಕೆ ವಾಲುವ ತಂದೆ, ಮರುಕ್ಷಣವೇ ಸಂಕಟದಿಂದ ದಡದತ್ತ ವಾಲುತ್ತಾನೆ. ಮಗ ಒಬ್ಬನೇ, ಪ್ರಯಾಣ ಒಂದೇ, ಭಾವ ಎರಡು. ಜೊತೆಗೆ ಓದುತ್ತಿದ್ದ ಗೆಳತಿಗೆ ಇದನ್ನು ಹೇಳಿದಾಗ ಅವಳು, “ಇಷ್ಟುದ್ದ ಕಥೆ ಕಟ್ಟೋ ಹೊತ್ತಿಗೆ ಹತ್ತು ಪದ ಬಾಯಿಪಾಠ ಮಾಡಬಹುದಲ್ಲೇ” ಎಂದಳು. ಮಾತಿನಲ್ಲಿ ನ್ಯಾಯವಿದೆ. ಎಲ್ಲ ಪದಗಳಿಗೂ ಈ ಶ್ರಮ ಬೇಡ, ಬಾಯಿಪಾಠದಿಂದ ಉಳಿಯದವಕ್ಕೆ ಮಾತ್ರ ಬೇಕು.

ಇಲ್ಲೇ ಇನ್ನೊಂದು ಗೋಜಲು ಕಾಯುತ್ತಿರುತ್ತದೆ. ‘ಆಂಬಿಗ್ಯುಅಸ್’, ಅಂದರೆ ಒಂದಕ್ಕಿಂತ ಹೆಚ್ಚು ಅರ್ಥಕ್ಕೆ ಎಡೆಕೊಡುವ ಮಾತು, ಅದೇ ದನಿಯಿಂದ ಶುರುವಾಗುತ್ತದೆ. ಅದಕ್ಕೂ ಅಂಬಿಗನನ್ನೇ ಕರೆದರೆ ಎರಡು ಚಿತ್ರಗಳೂ ಕಲೆತುಹೋಗುತ್ತವೆ. ಹಾಗಾದಾಗ ಗುರುತು ಸ್ಪಷ್ಟವಾಗಿಯೇ ಇರುತ್ತದೆ: ಕೀಲಿಪದ ತಟ್ಟನೆ ಬರುತ್ತದೆ, ಅರ್ಥ ಬರುವಾಗ ‘ಇದೋ ಅದೋ’ ಎಂಬ ತಡವರಿಕೆ ಬರುತ್ತದೆ. ನಾನು ಅದಕ್ಕೆ ‘ಅಂಬು’ ಎಂಬ ಬೇರೆ ಕೀಲಿಪದ ಕೊಟ್ಟೆ. ಕವಲುದಾರಿಯ ಫಲಕದ ಮೇಲೆ ಎರಡೂ ತುದಿಗೆ ಮೊನೆಯಿರುವ ಅಂಬು. ಬೇಲೂರು ಯಾವ ಕಡೆ ಎಂದು ಕೇಳಿದವನಿಗೆ ಫಲಕ ಎರಡು ಉತ್ತರ ಕೊಡುತ್ತದೆ. ಭಾವದ ಪದಕ್ಕೆ ಮನುಷ್ಯ, ಮಾತಿನ ಪದಕ್ಕೆ ಫಲಕ ಎಂದು ಬೇರ್ಪಡಿಸಿದ ಮೇಲೆ ತಡವರಿಕೆ ನಿಂತಿತು.

ಚಿತ್ರ ಚೆನ್ನಾಗಿದೆಯೆಂದು ಪುನರಾವರ್ತನೆ ಬಿಡುವಂತಿಲ್ಲ. ಈ ವಿಧಾನವನ್ನು ಪ್ರಯೋಗಕ್ಕೆ ಒಡ್ಡಿದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾಗ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮೂರು ದಿನಗಳಲ್ಲಿ 120 ರಷ್ಯನ್ ಪದಗಳನ್ನು ಕಲಿತರು. ಕಲಿಕೆಯ ಬೆನ್ನಿಗೇ ನಡೆದ ಪರೀಕ್ಷೆಯಲ್ಲಿ ಕೀಲಿಪದ ಬಳಸಿದವರು ಶೇ. 72ರಷ್ಟು, ಬಳಸದವರು ಶೇ. 46ರಷ್ಟು ಅರ್ಥಗಳನ್ನು ಸರಿಯಾಗಿ ಹೇಳಿದರು. ಸುಮಾರು ಆರು ವಾರಗಳ ನಂತರ ಈ ಅಂಕಿಗಳು ಶೇ. 43 ಮತ್ತು ಶೇ. 28ಕ್ಕೆ ಇಳಿದಿದ್ದವು. ಮುನ್ನಡೆ ಉಳಿದರೂ ಮರೆವು ಇಬ್ಬರನ್ನೂ ಬಿಡಲಿಲ್ಲ. ನಾನು ಮರುದಿನ, ಮೂರನೆಯ ದಿನ, ಒಂದು ವಾರದ ನಂತರ ಹಾಗೂ ತಿಂಗಳ ಕೊನೆಗೆ ಕಾರ್ಡಿನ ಹಿಂಬದಿ ನೋಡದೆ ಅರ್ಥ ಹೇಳಿಕೊಳ್ಳುತ್ತಿದ್ದೆ. ಅರ್ಥ ಬಾರದಿದ್ದಾಗ ತಪ್ಪಿದ ಕೊಂಡಿ ಯಾವುದೆಂದು ನೋಡುವುದು ಮುಖ್ಯ. ಗೇಟೇ ನೆನಪಾಗದಿದ್ದರೆ ದನಿಯ ಕೊಂಡಿ ಸಡಿಲ, ಬೇರೆ ಕೀಲಿಪದ ಬೇಕು. ಗೇಟು ನೆನಪಾಗಿ ಅರ್ಥ ಬಾರದಿದ್ದರೆ ಚಿತ್ರದ ಸಂಗತಿಯನ್ನು ತಿದ್ದಬೇಕು.

ಪದ ಕೇಳಿ ಅರ್ಥ ಹೇಳುವುದಕ್ಕೆ ಈ ವಿಧಾನ ಒದಗುವಷ್ಟು, ಅರ್ಥದಿಂದ ಪದಕ್ಕೆ ಬರಲು ಒದಗುವುದಿಲ್ಲ. ಹಾನಿ ತಗ್ಗಿಸುವ ಮಾತು ಬರೆಯಬೇಕಾದಾಗ ಅಣೆಕಟ್ಟು ಕಣ್ಣ ಮುಂದೆ ಬಂದರೂ ‘ಮಿತಿಗೇಟು’ ಎಂಬಲ್ಲಿಗೆ ನಿಂತುಬಿಡಬಹುದು, ಕಾಗುಣಿತವಂತೂ ಸಿಗದು. ಪ್ರಬಂಧದಲ್ಲಿ ಬಳಸಬೇಕಾದ ಪದಗಳನ್ನು ಅದಕ್ಕಾಗಿ ಕನ್ನಡ ಅರ್ಥದ ಕಡೆಯಿಂದಲೇ ನೋಡಿ, ಇಂಗ್ಲಿಷ್ ಪದವನ್ನು ಕೈಯಲ್ಲಿ ಬರೆದು, ನಿಘಂಟಿನ ಉಚ್ಚಾರಣೆಯನ್ನು ಕೇಳಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’, ‘ವೇರ್ಆ್ಯಸ್’ ಮೊದಲಾದ ಜೋಡಣೆಯ ಪದಗಳಿಗೆ ಕೀಲಿಪದ ಹುಡುಕಲಿಲ್ಲ. ಅವು ಎರಡು ವಾಕ್ಯಗಳ ನಡುವಿನ ಸಂಬಂಧವನ್ನು ಹೇಳುವುದರಿಂದ ಪತ್ರಿಕೆಗಳ ಸಂಪಾದಕೀಯದಿಂದ ವಾಕ್ಯಗಳನ್ನೇ ಬರೆದಿಟ್ಟುಕೊಂಡೆ. ಅರ್ಥ ಅಂಬಿಗನಿಗಿಂತ ಮೊದಲೇ ಬರತೊಡಗಿದ ಪದದ ಕಾರ್ಡನ್ನು ಕಟ್ಟಿನಿಂದ ತೆಗೆದು, ಆ ಜಾಗಕ್ಕೆ ಹೊಸದನ್ನು ಸೇರಿಸುತ್ತಿದ್ದೆ.