ಬ್ಯಾಗಿನ ಮೇಲೂ ಟೇಪು ಹಿಡಿಯಿರಿ: ರೇನ್‌ಕೋಟ್ ಅಳತೆಯ ನನ್ನ ಅನುಭವ

ನಮ್ಮದು ತೀರ್ಥಹಳ್ಳಿ. ಜೂನ್‌ನಲ್ಲಿ ಶಾಲೆ ಮತ್ತು ಮಳೆ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾಗುತ್ತವೆ. ಮಗಳು ನಾಲ್ಕನೇ ಕ್ಲಾಸು. ಬೆಳಿಗ್ಗೆ ಬಸ್‌ಸ್ಟಾಪಿಗೆ ನಡೆದು ಹೋಗುತ್ತಾಳೆ. ನಾನು ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುತ್ತೇನೆ. ಇಬ್ಬರಿಗೂ ರೇನ್‌ಕೋಟ್ ಬೇಕು, ಆದರೆ ಇಬ್ಬರ ಅಳತೆಯ ಲೆಕ್ಕ ಬೇರೆ ಬೇರೆ.

ಕೋಟಿನ ಮೇಲಿರುವ ಎಂ, ಎಲ್, ಎಕ್ಸ್‌ಎಲ್ ಅಥವಾ ವಯಸ್ಸಿನ ಲೆಕ್ಕ ನೆಟ್ಟಗೆ ನಿಂತಿರುವ, ಬೆನ್ನ ಮೇಲೆ ಏನೂ ಇಲ್ಲದ ಮೈಗೆ ಮಾಡಿದ್ದು. ಮಳೆಯಲ್ಲಿ ನಾವು ಹಾಗೆ ಇರುವುದಿಲ್ಲ. ಮಗು ಬ್ಯಾಗ್ ಹೊತ್ತಿರುತ್ತದೆ, ನಾವು ಕೈ ಮುಂದೆ ಚಾಚಿ ಕೂತಿರುತ್ತೇವೆ. ಅದಕ್ಕೇ ಚೀಟಿ ನೋಡುವ ಮೊದಲು ನಾನು ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪು ತೆಗೆದುಕೊಂಡು ಕೂತೆ.

ಮಗಳಿಗೆ ಯೂನಿಫಾರ್ಮ್ ಹಾಕಿಸಿ, ಬ್ಯಾಗಿಗೆ ದಿನಾ ಒಯ್ಯುವಷ್ಟೇ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ ತುಂಬಿ ಬೆನ್ನಿಗೆ ಹಾಕಿದೆ. ಖಾಲಿ ಬ್ಯಾಗ್ ಹಾಕಿ ಅಳೆದರೆ ಪ್ರಯೋಜನ ಇಲ್ಲ, ಅದು ಬೆನ್ನಿಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಎರಡು ಅಳತೆ ತೆಗೆದೆ. ಮೊದಲನೆಯದು ಸುತ್ತಳತೆ. ಕಂಕುಳ ಕೆಳಗಿಂದ ಎದೆ ಮತ್ತು ಬ್ಯಾಗ್ ಎರಡನ್ನೂ ಸೇರಿಸಿ ಒಂದು ಸುತ್ತು ಟೇಪು ಹಿಡಿದೆ. ಬರೀ ಎದೆಯ ಸುತ್ತಳತೆ 26 ಇಂಚು ಇತ್ತು. ಬ್ಯಾಗ್ ಸೇರಿದ ಮೇಲೆ 39. ಎರಡನೆಯದು ಹಿಂದಿನ ಉದ್ದ. ಕತ್ತಿನ ಹಿಂದೆ ಕೈಗೆ ಸಿಗುವ ಮೂಳೆಯಿಂದ ಮೀನಖಂಡದ ನಡುವಿನವರೆಗೆ, ಬ್ಯಾಗ್ ಇಲ್ಲದೆ 32 ಇಂಚು. ಅದೇ ಜಾಗಕ್ಕೆ ಬ್ಯಾಗಿನ ಮೇಲಿಂದ ಟೇಪು ಇಳಿಬಿಟ್ಟರೆ 37.

ಈ 5 ಇಂಚು ಅಂಗಡಿಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಕೋಟು ಕತ್ತಿನಿಂದ ನೇರ ಕೆಳಗೆ ಇಳಿಯುವುದಿಲ್ಲ. ಮೊದಲು ಬ್ಯಾಗಿನ ತಲೆಯ ಮೇಲೆ ಹಿಂದಕ್ಕೆ ಹೋಗಿ, ಆಮೇಲೆ ಕೆಳಗೆ ಬೀಳುತ್ತದೆ. ಬ್ಯಾಗ್ ಎಷ್ಟು ದಪ್ಪವೋ ಹೆಚ್ಚುಕಮ್ಮಿ ಅಷ್ಟು ಕೋಟು ಹಿಂದೆ ಮೇಲೇರುತ್ತದೆ. ಮೀನಖಂಡ ಮುಚ್ಚಬೇಕಾದ ಅಂಚು ಮೊಣಕಾಲಿನ ಹಿಂಬದಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಇಳಿಯುವ ನೀರೆಲ್ಲ ಕಾಲುಚೀಲ, ಶೂ ಒಳಗೆ. ಮಗು ಸಂಜೆಯವರೆಗೂ ಒದ್ದೆ ಕಾಲಿನಲ್ಲೇ ಕೂತಿರಬೇಕು.

ಅಂಗಡಿಗೆ ಹೋದಾಗ ಅವರು ಹೇಳಿದ್ದು, "ಅಕ್ಕಾ, ಎರಡು ಸೈಜ್ ದೊಡ್ಡದು ತಗೊಳ್ಳಿ, ಬ್ಯಾಗ್ ಆರಾಮಾಗಿ ಒಳಗೆ ಹೋಗುತ್ತೆ. ಮುಂದಿನ ವರ್ಷಕ್ಕೂ ಆಗುತ್ತೆ." ಹೆಚ್ಚಿನ ಅಪ್ಪ ಅಮ್ಮಂದಿರು ಮಾಡುವುದೂ ಇದನ್ನೇ. ನಾನು ಒಪ್ಪಲಿಲ್ಲ. ಬ್ಯಾಗ್ ಹಿಂದಕ್ಕೆ ಮಾತ್ರ ಉಬ್ಬುತ್ತದೆ. ಸೈಜ್ ಜಾಸ್ತಿ ಮಾಡಿದರೆ ತೋಳು, ಭುಜ, ಮುಂದಿನ ಉದ್ದ, ಟೋಪಿ ಎಲ್ಲವೂ ದೊಡ್ಡದಾಗುತ್ತವೆ. ಬ್ಯಾಗ್ ಸೇರಿ 39 ಇಂಚು, ಕೈಯಾಡಲು ಇನ್ನೂ 4 ಇಂಚು ಅಂದರೆ 43 ಇಂಚಿನ ಕೋಟು ಬೇಕು. ಅದು ದೊಡ್ಡವರ ಕೋಟು. ಅದನ್ನು ಹಾಕಿಸಿ ನೋಡಿದೆ. ತೋಳು ಬೆರಳುಗಳನ್ನೂ ದಾಟಿ ಜೋತುಬಿತ್ತು. ಮುಂದಿನ ಅಂಚು ಪಾದದ ಮೇಲೆ ಬಿತ್ತು. ಅಲ್ಲೇ ಇದ್ದ ಮಣೆಯ ಮೇಲೆ ಹತ್ತು ಅಂದೆ. ಮೊಣಕಾಲು ಎತ್ತಿದ ಕೂಡಲೇ ತನ್ನ ಕೋಟನ್ನು ತಾನೇ ತುಳಿದಳು. ಬಸ್ಸಿನ ಮೆಟ್ಟಿಲಲ್ಲಿ ಹೀಗಾದರೆ ಮುಖ ಅಡಿಯಾಗಿ ಬೀಳುತ್ತಾರೆ ಮಕ್ಕಳು.

ಬೇಕಾದದ್ದು ಹಿಂದೆ ನೆರಿಗೆ ಇರುವ ಕೋಟು. ಇದರಲ್ಲಿ ಬೆನ್ನಿನ ಕಡೆ ಮಡಚಿಟ್ಟ ಹೆಚ್ಚುವರಿ ಬಟ್ಟೆ ಇರುತ್ತದೆ. ಜಿಪ್ ಅಥವಾ ಟಿಚ್ ಬಟನ್ ಬಿಚ್ಚಿದರೆ ಅಲ್ಲಿ ಬ್ಯಾಗಿಗೆ ಜಾಗ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಮಾಮೂಲಿ ಕೋಟು. ಎಲ್ಲ ನೆರಿಗೆಯೂ ಒಂದೇ ಥರ ಇರುವುದಿಲ್ಲ. ಕೆಲವು ಅಗಲಕ್ಕೆ ಮಾತ್ರ ತೆರೆಯುತ್ತವೆ, ಉದ್ದಕ್ಕೆ ಏನೂ ಕೊಡುವುದಿಲ್ಲ. ಆಗ ಬ್ಯಾಗ್ ಒಳಗೆ ಹೋಗುತ್ತದೆ, ಕಾಲು ಮಾತ್ರ ನೆನೆಯುತ್ತದೆ. ಕೋಟನ್ನು ಕೌಂಟರಿನ ಮೇಲೆ ಕವುಚಿ ಹಾಸಿ, ನೆರಿಗೆ ಬಿಡಿಸಿ, ಹಿಂಭಾಗದ ಬಟ್ಟೆ ಮುಂಭಾಗಕ್ಕಿಂತ ಉದ್ದ ಇದೆಯಾ ನೋಡಿ. ನಾನು ತಂದ ಕೋಟಿನಲ್ಲಿ ನೆರಿಗೆ ಮುಚ್ಚಿದಾಗ ಸುತ್ತಳತೆ 36 ಇಂಚು, ತೆರೆದಾಗ 46. ಹಿಂಭಾಗ ಮುಂಭಾಗಕ್ಕಿಂತ 4 ಇಂಚು ಉದ್ದ. ತೋಳು ಮತ್ತು ಭುಜ ಅವಳ ಅಳತೆಗಿಂತ ಒಂದು ಸೈಜ್ ಮಾತ್ರ ದೊಡ್ಡದು.

ಈ ವಯಸ್ಸಿನ ಮಕ್ಕಳು ವರ್ಷಕ್ಕೆ 5–6 ಸೆಂಟಿಮೀಟರ್ ಎತ್ತರ ಬೆಳೆಯುತ್ತಾರೆ, ಅಂದರೆ ಎರಡು ಇಂಚಿನಷ್ಟು. ಅದಕ್ಕೆ ಒಂದು ಸೈಜ್ ಸಾಕು. ಉದ್ದವಾದ ತೋಳನ್ನು ಹೊರಗೆ ಮಡಚಬೇಡಿ. ಆ ಮಡಿಕೆಯಲ್ಲಿ ನೀರು ನಿಂತು, ಕೈ ಎತ್ತಿದಾಗ ಒಳಗೆ ಸುರಿಯುತ್ತದೆ. ಒಳಗೆ ಮಡಚಿ ಅಂಚಿನಲ್ಲಿ ನಾಲ್ಕಾರು ಹೊಲಿಗೆ ಹಾಕಿ. ರೇನ್‌ಕೋಟಿನಲ್ಲಿ ಸೂಜಿ ಹೋದ ಕಡೆ ನೀರು ಸೋರುತ್ತದೆ ನಿಜ, ಆದರೆ ಮಣಿಕಟ್ಟಿನ ಅಂಚಿನಲ್ಲಿ ಅದರಿಂದ ತೊಂದರೆ ಕಡಿಮೆ. ಭುಜದಲ್ಲೋ ಬೆನ್ನಿನಲ್ಲೋ ಮಾತ್ರ ಸೂಜಿ ಹಾಕಬೇಡಿ.

ಟೋಪಿಯನ್ನು ಬ್ಯಾಗ್ ಒಳಗಿದ್ದಾಗಲೇ ಪರೀಕ್ಷೆ ಮಾಡಬೇಕು. ಬ್ಯಾಗ್ ಹಿಂದಕ್ಕೆ ಎಳೆಯುವುದರಿಂದ ಚಿಕ್ಕ ಕೋಟಿನಲ್ಲಿ ಟೋಪಿಯೂ ಹಿಂದಕ್ಕೆ ಜಾರಿ, ಮುಂದಿನ ಗುಂಡಿ ಕುತ್ತಿಗೆಗೆ ಒತ್ತುತ್ತದೆ. ದೊಡ್ಡ ಕೋಟಿನಲ್ಲಿ ಬೇರೆ ತೊಂದರೆ. ಮಗು ತಲೆ ತಿರುಗಿಸಿದರೂ ಟೋಪಿ ತಿರುಗುವುದಿಲ್ಲ. ರಸ್ತೆ ದಾಟುವಾಗ ಬರುವ ಗಾಡಿಯ ಬದಲು ಟೋಪಿಯ ಒಳಬದಿ ಕಾಣುತ್ತದೆ. "ಪುಟ್ಟೀ, ಬಲಗಡೆ ನೋಡು, ಈಗ ಎಡಗಡೆ" ಅಂತ ಹೇಳಿ ನಾನು ಪಕ್ಕದಲ್ಲಿ ನಿಂತೆ. ಎರಡೂ ಕಡೆ ಅವಳ ಎರಡು ಕಣ್ಣೂ ನನಗೆ ಕಂಡ ಮೇಲೇ ಕೋಟು ತೆಗೆದುಕೊಂಡದ್ದು. ಟೋಪಿಯ ಹಿಂದೆ ಬಿಗಿ ಮಾಡುವ ಪಟ್ಟಿ ಇದ್ದರೆ ಈ ಕೆಲಸ ಸುಲಭ.

ಪಾಂಚೋ ಯಾಕೆ ಬೇಡ ಅಂತ ಕೇಳಬಹುದು. ನಡೆದು ಹೋಗುವ ಮಗುವಿಗೆ ಅದು ಒಳ್ಳೆಯದೇ. ತೋಳಿಲ್ಲ, ಭುಜದ ಅಳತೆ ಇಲ್ಲ, ಎಂಥ ಬ್ಯಾಗ್ ಇದ್ದರೂ ಮುಚ್ಚುತ್ತದೆ. ನಮ್ಮ ಮಲೆನಾಡಿನ ಗೊರಬು ಕೂಡ ಹಾಗೇ ಅಲ್ವಾ, ತಲೆಯಿಂದ ಬೆನ್ನಿನ ಉದ್ದಕ್ಕೂ ಚಾವಣಿಯ ಥರ ಮುಚ್ಚಿ, ಬಗ್ಗಿ ನೆಟ್ಟಿ ಮಾಡುವವರಿಗೆ ಕೈ ಪೂರ್ತಿ ಬಿಡುವು ಕೊಡುತ್ತದೆ. ಪಾಂಚೋ ಕೊಳ್ಳುವುದಾದರೆ ಎರಡೇ ಅಳತೆ ನೋಡಿ. ಬ್ಯಾಗಿನ ಮೇಲಿನಿಂದ ಹಿಂದಿನ ಉದ್ದ ಸಾಕಾಗಬೇಕು, ಪಕ್ಕದ ಬಟನ್ ಸೊಂಟದ ಕೆಳಗಿನವರೆಗೂ ಇರಬೇಕು. ಬಟನ್ ಕಡಿಮೆ ಇದ್ದರೆ ಗಾಳಿಮಳೆಗೆ ಇಡೀ ಪಾಂಚೋ ಮುಖಕ್ಕೆ ಹಾರುತ್ತದೆ. ನಮ್ಮಲ್ಲಿ ಗಾಳಿ ಜಾಸ್ತಿ, ಅದಕ್ಕೇ ನಾನು ಕೋಟು ಆರಿಸಿದೆ. ಸೈಕಲ್ಲಿಗೆ, ಬೈಕಿಗೆ, ಹಿಂದೆ ಕೂರುವವರಿಗೆ ಮಾತ್ರ ಪಾಂಚೋ ಕೊಡಲೇಬೇಡಿ. ಸೀರೆ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕುವ ಹಾಗೇ ಅದರ ಅಂಚೂ ಸಿಕ್ಕುತ್ತದೆ. ಹಿಂದಿನ ದೀಪ, ಇಂಡಿಕೇಟರ್ ಮುಚ್ಚಿಹೋಗುವುದು ಇನ್ನೊಂದು ಅಪಾಯ.

ನನ್ನ ಕೋಟಿಗೆ ಅಳತೆಯನ್ನು ಸ್ಕೂಟರಿನ ಮೇಲೆ ಕೂತೇ ತೆಗೆದೆ. ಚೂಡಿದಾರ, ಅದರ ಮೇಲೆ ಸ್ವೆಟರ್ ಹಾಕಿ, ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, ಮಗಳ ಕೈಗೆ ಟೇಪು ಕೊಟ್ಟೆ. ಕತ್ತಿನ ಮೂಳೆಯಿಂದ ಭುಜ, ಮೊಣಕೈ ದಾಟಿ ಮಣಿಕಟ್ಟಿನವರೆಗೆ 31 ಇಂಚು ಬಂತು. ಕೈ ಕೆಳಗೆ ಬಿಟ್ಟು ನಿಂತಾಗ ಅದೇ ಅಳತೆ 29. ಅಂಗಡಿಯ ಕನ್ನಡಿ ಮುಂದೆ ಸರಿಯಾಗಿ ಕಾಣುವ ತೋಳು ಗಾಡಿ ಮೇಲೆ ಎರಡು ಇಂಚು ಹಿಂದೆ ಸರಿಯುತ್ತದೆ ಅಂದಹಾಗಾಯಿತು. ಚೂಡಿದಾರದ ತೋಳಿನ ತುದಿ ಹೊರಗೆ ಇಣುಕಿದರೆ ಸಾಕು, ಬಟ್ಟೆ ನೀರು ಹೀರಿಕೊಂಡು ಮೊಣಕೈವರೆಗೂ ಒದ್ದೆ. ಇನ್ನೆರಡು ಇಂಚು ಸೇರಿಸಿ 33 ಇರುವ ಕೋಟು ಹುಡುಕಿದೆ.

ಸೊಂಟದ ಕೆಳಗಿನ ಸುತ್ತಳತೆಯನ್ನೂ ಕೂತೇ ತೆಗೆಯಬೇಕು. ಕೂತಾಗ ಅದು ಜಾಸ್ತಿ ಆಗುತ್ತದೆ. ಅಲ್ಲಿ ಬಿಗಿಯಾದರೆ ಕೋಟಿನ ಮುಂದಿನ ಅಂಚು ಎರಡಾಗಿ ತೆರೆದುಕೊಂಡು ತೊಡೆಯ ಮೇಲೆ ನೀರು ನಿಲ್ಲುತ್ತದೆ. ಕೋಟಿನ ಜೊತೆ ಹಾಕುವ ಮಳೆ ಪ್ಯಾಂಟಿನ ನಡುಹೊಲಿಗೆ ಇರುವುದೂ ಅಲ್ಲೇ. ಅಂಗಡಿಯಲ್ಲಿ ಪ್ಯಾಂಟ್ ಹಾಕಿ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ನಡುಹೊಲಿಗೆ ಎಳೆದರೆ ಗಾಡಿ ಹತ್ತುವಾಗ ಹರಿಯುವುದು ಅದೇ. ಹಾಗೆ ಕೂತಾಗಲೂ ಅಂಚು ಕಣಕಾಲು ಮುಚ್ಚಿರಬೇಕು. ಬೈಕ್ ಓಡಿಸುವವರು ತೀರಾ ಅಗಲದ ಅಂಚು ಬಿಡಬಾರದು, ಬಿಸಿ ಸೈಲೆನ್ಸರ್‌ಗೆ ತಾಗಿದರೆ ಪ್ಲಾಸ್ಟಿಕ್ ಕರಗಿ ಅಂಟುತ್ತದೆ. ವೆಲ್ಕ್ರೊ ಪಟ್ಟಿಯಿಂದ ಬಿಗಿ ಮಾಡಿಕೊಳ್ಳಿ.

ಹೆಲ್ಮೆಟ್ ಒಳಗೆ ಟೋಪಿ ಹಾಕಬೇಡಿ. ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಪಕ್ಕದ ನೋಟ ಕಡಿಮೆಯಾಗುತ್ತದೆ. ಟೋಪಿ ಬಿಚ್ಚಿಡಲು ಬರುವ, ಕಾಲರ್ ಎತ್ತರ ಇರುವ ಕೋಟು ಒಳ್ಳೆಯದು. ಹೆಲ್ಮೆಟ್‌ನಿಂದ ಹಿಂದೆ ಇಳಿಯುವ ನೀರನ್ನು ಕಾಲರ್ ತಡೆಯುತ್ತದೆ.

ಗಾಡಿ ಓಡಿಸುವವರು ಬ್ಯಾಗನ್ನು ಕೋಟಿನ ಒಳಗೆ ಹಾಕಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಗಾಳಿ ಹಿಡಿಯುತ್ತದೆ, ಹಿಂದಿನ ಅಂಚು ಎತ್ತಿಕೊಂಡು ಸೀಟಿನ ನೀರು ಬಟ್ಟೆಗೆ ಏರುತ್ತದೆ. ಕೋಟಿನ ಮೇಲೆ ಹಾಕಿಕೊಂಡರೆ ಬ್ಯಾಗಿನ ಪಟ್ಟಿ ಭುಜದ ಹೊಲಿಗೆಯನ್ನು ಒತ್ತುತ್ತದೆ, ಒತ್ತಿದ ಕಡೆಯೇ ನೀರು ಒಳಗೆ ನುಗ್ಗುತ್ತದೆ. ಸ್ಕೂಟರಿನಲ್ಲಿ ಕಾಲಿಡುವ ಜಾಗ ಇದೆ, ಮಳೆ ಕವರ್ ಹಾಕಿದ ಬ್ಯಾಗು ಅಲ್ಲೇ ಇರಲಿ. ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುವ ದಿನ ಅವಳ ಬ್ಯಾಗೂ ಅಲ್ಲಿಗೇ ಬರುತ್ತದೆ. ಕೋಟಿನ ನೆರಿಗೆ ಪೂರ್ತಿ ಮುಚ್ಚಿ, ಅವಳ ಹೆಲ್ಮೆಟ್ ಹಾಕಿಸಿ ಹೊರಡುತ್ತೇವೆ.

ಅಳತೆ ಸರಿಯಾಗಿದೆಯಾ ಅಂತ ತಿಳಿಯಲು ಮೊದಲ ಜೋರು ಮಳೆಯ ದಿನ ಇಬ್ಬರೂ ತಿಳಿ ಬೂದು ಬಣ್ಣದ ಅಂಗಿ ಹಾಕಿದ್ದೆವು. ಅದರಲ್ಲಿ ಒದ್ದೆ ಕಲೆ ಸ್ಪಷ್ಟ ಕಾಣುತ್ತದೆ. ಮಣಿಕಟ್ಟಿನಿಂದ ಮೇಲಕ್ಕೆ ಕಲೆ ಏರಿದ್ದರೆ ತೋಳು ಗಿಡ್ಡ. ಭುಜದ ಮೇಲೆ ಪಟ್ಟಿಯಂತೆ ಕಲೆ ಇದ್ದರೆ ಹೊರಗಿನ ಬ್ಯಾಗ್ ಒತ್ತಿದೆ. ಸೊಂಟದ ಹಿಂದೆ ಇದ್ದರೆ ಬಗ್ಗಿದಾಗ ಕೋಟು ಮೇಲೇರಿದೆ. ಬೆನ್ನು, ಎದೆ ಎಲ್ಲ ಒಂದೇ ಸಮ ತೇವ, ಅಂಚೇ ಇಲ್ಲ ಅಂದರೆ ಅದು ಬೆವರು. ಆಗ ಬೇರೆ ಸೈಜ್ ತಂದು ಉಪಯೋಗ ಇಲ್ಲ, ಕಂಕುಳಲ್ಲಿ ಅಥವಾ ಬೆನ್ನಲ್ಲಿ ಗಾಳಿಯಾಡುವ ಜಾಗ ಇರುವ ಕೋಟು ಬೇಕು. ನನ್ನ ಅಂಗಿಯಲ್ಲಿ ಬೆನ್ನು ಮಾತ್ರ ತೇವ ಆಗಿತ್ತು. ಮಗಳ ಅಂಗಿ ಒಣಗಿತ್ತು, ಕಾಲುಚೀಲದ ಹಿಂಬದಿಯಲ್ಲಿ ಬೆರಳಗಲ ಒದ್ದೆ ಇತ್ತು. ಬ್ಯಾಗಿನ ಪಟ್ಟಿ ಸ್ವಲ್ಪ ಗಿಡ್ಡ ಮಾಡಿ ಅದನ್ನು ಬೆನ್ನಿಗೆ ಅಂಟುವ ಹಾಗೆ ಎತ್ತಿ ಕಟ್ಟಿದೆ. ಕೋಟಿನ ಹಿಂದಿನ ಅಂಚು ಕೆಳಗಿಳಿಯಿತು, ಮಾರನೇ ದಿನದಿಂದ ಕಾಲುಚೀಲವೂ ನೆನೆಯಲಿಲ್ಲ.