ಸಂಬಳ ಎಲ್ಲಿಗೆ ಹರಿಯಿತು? ಸ್ಯಾಂಕಿ ಚಿತ್ರ ಓದುವ ಬಗೆ

ಎಡಗಡೆಯಿಂದ ಬಣ್ಣದ ಪಟ್ಟೆಗಳು ಹೊರಟು ನಡುವಿನ ಕಂಬವೊಂದಕ್ಕೆ ಸೇರುತ್ತವೆ. ಅಲ್ಲಿಂದ ಬಲಕ್ಕೆ ಹತ್ತಾರು ಕವಲಾಗಿ ಒಡೆಯುತ್ತವೆ. ಮನೆಯ ಆದಾಯ, ಖರ್ಚು ತೋರಿಸಲು ಈಗ ಹೆಚ್ಚಾಗಿ ಬಳಸುವ ಈ ಚಿತ್ರಕ್ಕೆ ಸ್ಯಾಂಕಿ ಚಿತ್ರ ಎಂದು ಹೆಸರು. ಹಬೆ ಯಂತ್ರದ ಶಾಖ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು 1898ರಲ್ಲಿ ಹೀಗೆ ಬರೆದು ತೋರಿಸಿದವರು ಐರ್ಲೆಂಡ್ ಮೂಲದ ಎಂಜಿನಿಯರ್ ಮ್ಯಾಥ್ಯೂ ಸ್ಯಾಂಕಿ. ಬೆಂಗಳೂರಿನ ಸ್ಯಾಂಕಿ ಕೆರೆ ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಬೇರೆಯವರು.

ಮೈಸೂರಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಯಜಮಾನರ ಸಂಬಳ ಕಡಿತಕ್ಕೆ ಮೊದಲು ತಿಂಗಳಿಗೆ 62,000 ರೂಪಾಯಿ. ಮನೆಯಾಕೆ ಹೊಲಿಗೆಯಿಂದ 14,000 ದುಡಿಯುತ್ತಾರೆ, ಮಹಡಿಯ ಬಾಡಿಗೆ 9,000 ಬರುತ್ತದೆ. ಒಟ್ಟು 85,000.

ಮೊದಲು ಒಂದು ಸ್ಕೇಲು ತೆಗೆದುಕೊಳ್ಳಿ. ಸ್ಯಾಂಕಿ ಚಿತ್ರದಲ್ಲಿ ಲೆಕ್ಕಕ್ಕೆ ಬರುವುದು ಪಟ್ಟೆಯ ಅಗಲ ಮಾತ್ರ. ಒಟ್ಟು ಆದಾಯದ ಕಂಬ 85 ಮಿಲಿಮೀಟರ್ ಎತ್ತರವಿದ್ದರೆ ಒಂದು ಮಿಲಿಮೀಟರ್‌ಗೆ ಸಾವಿರ ರೂಪಾಯಿ. ಆಗ ಮನೆ ಸಾಲದ 22,000 ಕಂತು 22 ಮಿಲಿಮೀಟರ್, ದಿನಸಿ, ತರಕಾರಿ, ಹಾಲಿನ 15,000 ಖರ್ಚು 15 ಮಿಲಿಮೀಟರ್ ಇರಬೇಕು. ಅಗಲವನ್ನು ಪಟ್ಟೆ ಕಂಬಕ್ಕೆ ತಾಗುವ ಜಾಗದಲ್ಲೇ ಅಳೆಯಿರಿ. ನಡುವೆ ಬಾಗಿ ಇಳಿಯುವ ಕಡೆ ಕಣ್ಣು ಮೋಸಹೋಗುತ್ತದೆ. ಪಟ್ಟೆ ಎಷ್ಟು ಉದ್ದ, ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೆ ಹಣದ ಲೆಕ್ಕದಲ್ಲಿ ಅರ್ಥವಿಲ್ಲ.

ಆಮೇಲೆ ಕಡಿತಗಳನ್ನು ಹುಡುಕಿ. ಮೂಲ ವೇತನ 30,000 ಆದರೆ ಶೇ 12ರಂತೆ ಪಿಎಫ್‌ಗೆ 3,600 ಹೋಗುತ್ತದೆ, ವೃತ್ತಿ ತೆರಿಗೆ 200. ಉಳಿದ 81,200 ‘ಕೈಗೆ ಬಂದದ್ದು’ ಎಂಬ ಎರಡನೇ ಕಂಬಕ್ಕೆ ಹರಿಯುತ್ತದೆ. ವೃತ್ತಿ ತೆರಿಗೆಯ ಪಟ್ಟೆ ಕೂದಲೆಳೆಯಷ್ಟೇ ಕಾಣುತ್ತದೆ. ಪಿಎಫ್ ಪಟ್ಟೆಯನ್ನು ಮಾತ್ರ ತೆರಿಗೆಯ ಜೊತೆ ಸೇರಿಸಿ ‘ಕಡಿತ’ ಎಂದು ಬರೆದಿದ್ದರೆ ಎಚ್ಚರ. ಅದು ಕಳೆದುಹೋದ ಹಣವಲ್ಲ, ಉಳಿತಾಯ.

ಈಗ ಮುಖ್ಯವಾದ ಪರೀಕ್ಷೆ. ಕಂಬಕ್ಕೆ ಎಡದಿಂದ ಬಂದ ಪಟ್ಟೆಗಳ ಒಟ್ಟು ಅಗಲ ಬಲಕ್ಕೆ ಹೊರಟವುಗಳ ಒಟ್ಟು ಅಗಲಕ್ಕೆ ಸಮವಾಗಿರಲೇಬೇಕು. ನಮ್ಮ ಮೈಸೂರಿನ ಮನೆಯ ಚಿತ್ರದಲ್ಲಿ ಎಡಕ್ಕೆ 81.2 ಮಿಲಿಮೀಟರ್, ಬಲಕ್ಕೆ 87.2 ಇದೆ ಎಂದುಕೊಳ್ಳಿ. ಆರು ಸಾವಿರ ಎಲ್ಲಿಂದ ಬಂತು? ಬಲಗಡೆಯ ಪಟ್ಟೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ‘ಕ್ರೆಡಿಟ್ ಕಾರ್ಡ್ ಬಿಲ್ 6,000’ ಸಿಗುತ್ತದೆ. ಆ ಕಾರ್ಡಿನಲ್ಲೇ ಹಾಕಿಸಿದ ಪೆಟ್ರೋಲ್, ಕೊಂಡ ಬಟ್ಟೆ ಬೇರೆ ಪಟ್ಟೆಗಳಲ್ಲಿ ಆಗಲೇ ಲೆಕ್ಕಕ್ಕೆ ಸೇರಿವೆ. ಒಂದೇ ಖರ್ಚು ಎರಡು ಸಲ ಬಂದಿದೆ. ಬಿಲ್ಲಿನ ಪಟ್ಟೆಯನ್ನು ತೆಗೆದರೆ ಲೆಕ್ಕ ಕೂಡುತ್ತದೆ. ನಿಜಕ್ಕೂ ಆದಾಯ ಮೀರಿ ಖರ್ಚಾಗಿದ್ದರೆ ಎಡಗಡೆ ‘ಉಳಿತಾಯದಿಂದ ತೆಗೆದದ್ದು’ ಅಥವಾ ‘ಕೈಸಾಲ’ ಎಂಬ ಪಟ್ಟೆ ಇರಬೇಕಿತ್ತು.

ಕಂಬದ ಆಚೆಗೆ ಯಾರ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಬೇಡಿ. ತಿರುಮಕೂಡಲಿನಲ್ಲಿ ಕಬಿನಿ ಕಾವೇರಿಗೆ ಸೇರಿದ ಮೇಲೆ ಮುಂದಿನ ಕಾಲುವೆಯ ನೀರು ಯಾವ ಹೊಳೆಯದು ಎಂದು ಹೇಳಲಾಗದು. ಹೊಲಿಗೆಯ ಪಟ್ಟೆಯ ಬಣ್ಣವೂ ಸ್ಕೂಲ್ ಫೀಸಿನ ಬಣ್ಣವೂ ಒಂದೇ ಆಗಿರುವುದನ್ನು ನೋಡಿ ‘ಹೊಲಿಗೆ ದುಡ್ಡಲ್ಲೇ ಮಕ್ಕಳ ಫೀಸು’ ಎಂದು ಓದುವವರಿದ್ದಾರೆ. ಮನೆಯಾಕೆಯ ದುಡಿಮೆ ಎಷ್ಟು ಎಂಬ ಮಾತು ಬಂದಾಗ ಈ ತಪ್ಪು ಓದು ನೋವು ಮಾಡುತ್ತದೆ. ಆಕೆ ಕೊಟ್ಟದ್ದೆಷ್ಟು ಎಂಬುದಕ್ಕೆ ಉತ್ತರ ಎಡಗಡೆಯ 14 ಮಿಲಿಮೀಟರ್. ಬಲಗಡೆ ಅದನ್ನು ಹುಡುಕಬಾರದು.

ಕೊನೆಗೆ ಅತಿ ದಪ್ಪ ಪಟ್ಟೆಯನ್ನು ಒಡೆದು ನೋಡಿ. ಸಾಲದ ಬಾಕಿ 20.5 ಲಕ್ಷ, ಬಡ್ಡಿ ಶೇ 8.5 ಆದರೆ, ಈ ತಿಂಗಳ 22,000 ಕಂತಿನಲ್ಲಿ ಬಡ್ಡಿ ಸುಮಾರು 14,500. ಅಸಲಿಗೆ ಸಲ್ಲುವುದು 7,500 ಮಾತ್ರ, ಅಷ್ಟು ಮನೆ ನಿಮ್ಮದಾಗುತ್ತದೆ. ಒಂದೇ ಪಟ್ಟೆಯಾಗಿ ಬರೆದರೆ ಇದು ಕಾಣುವುದಿಲ್ಲ. ‘ಇತರೆ 8,000’ ಪಟ್ಟೆಯನ್ನೂ ಹೀಗೆಯೇ ಒಡೆಯಿರಿ. ಈ ಮನೆಯಲ್ಲಿ ಅದು ಅಸಲಿನ ಪಾಲಿಗಿಂತ ದಪ್ಪ.

ಚಿತ್ರ ಯಾವ ತಿಂಗಳದ್ದು ಎಂದೂ ನೋಡಿಕೊಳ್ಳಿ. ಇಡೀ ವರ್ಷದ ಸ್ಕೂಲ್ ಫೀಸನ್ನು ಜೂನ್‌ನಲ್ಲಿ ಒಟ್ಟಿಗೆ ಕಟ್ಟುವ ಮನೆಯಾದರೆ, ಜೂನ್ ಚಿತ್ರದಲ್ಲಿ ಆ ಪಟ್ಟೆ ಎಲ್ಲವನ್ನೂ ನುಂಗಿಹಾಕುತ್ತದೆ, ಜುಲೈ ಚಿತ್ರದಲ್ಲಿ ಅದು ಇರುವುದೇ ಇಲ್ಲ. ಅಂಥ ಮನೆಗೆ ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ಬರೆದ ಚಿತ್ರವೇ ಸರಿ.