ಪುನರ್ಪುಳಿ ಕುಡಿದ ಎಫ್ ಕೀ

ಮಾಷ್ಟ್ರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹೇಳಿದ್ದು ಒಂದೇ ಮಾತು: "ಒತ್ತಕ್ಷರ ಬರುತ್ತಿಲ್ಲ." ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಒತ್ತಕ್ಷರ ಮೂಡಿಸುವ ಎಫ್ ಕೀ ಹೋದರೆ ಕನ್ನಡದ ಅರ್ಧ ಹೋದಂತೆ. ನಾಲ್ಕು ದಿನ ಮೊದಲು ಕೀಬೋರ್ಡಿನ ಎಡಭಾಗದ ಮೇಲೆ ಅರ್ಧ ಲೋಟ ಪುನರ್ಪುಳಿ ಶರಬತ್ತು ಚೆಲ್ಲಿತ್ತು. ಮನೆಯವರು ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟಿದ್ದರು. ಸಕ್ಕರೆ ಚೆನ್ನಾಗಿ ಒಣಗಿ ಗಟ್ಟಿಯಾಗಲಿ ಎಂದು ಹರಸಿದ ಹಾಗೆ! ಎಫ್, ಡಿ, ಆರ್, ವಿ ನಾಲ್ಕೂ ಅಂಟಿಕೊಂಡಿದ್ದವು. ಎಫ್ ಅಂತೂ ಕೆಳಗೆ ಹೋಗಿ ಅಲ್ಲೇ ಕುಳಿತಿತ್ತು.

ಬದಿಯಡ್ಕದಲ್ಲಿ ನನ್ನದು ಸಣ್ಣ ರಿಪೇರಿ ಅಂಗಡಿ. ಬಿಡಿಭಾಗ ಬೇಕಾದರೆ ಮಂಗಳೂರಿಗೆ ಹೋಗಬೇಕು, ಅರ್ಧ ದಿನದ ಕೆಲಸ. ಈ ಮಾದರಿಯ ಕೀಬೋರ್ಡ್ ಮೇಲ್ಕವಚಕ್ಕೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿದ್ದು. ಬದಲಿಸುವುದಾದರೆ ಹತ್ತಿರ ಹತ್ತಿರ ಎರಡೂವರೆ ಸಾವಿರ. ಲ್ಯಾಪ್‌ಟಾಪಿನ ಈಗಿನ ಬೆಲೆಯೇ ಎಂಟು ಸಾವಿರ ದಾಟದು. ಮಂಗಳೂರಿನಲ್ಲಿ ನಾನು ಮಾಲು ತರುವ ಅಂಗಡಿಯ ಅಣ್ಣನಿಗೆ ಫೋನ್ ಮಾಡಿದೆ. "ಸಕ್ಕರೆ ಒಣಗಿದ ಮೇಲೆ ಕೀಯ ಕ್ಯಾಪ್ ಅದರಡಿಯ ಕ್ಲಿಪ್ ಮುರಿಯದೆ ಏಳುವುದಿಲ್ಲ, ಸುಮ್ಮನೆ ಕೀಬೋರ್ಡ್ ಬದಲಿಸು" ಎಂದರು. ನನ್ನ ತಮ್ಮನೂ ಅದನ್ನೇ ಹೇಳಿದ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕಿಂತ ಹಿಂದೆ ಇಂಥದ್ದೇ ಮೂರು ಕೆಲಸಗಳಲ್ಲಿ ನಾನು ಏಳೆಂಟು ಕ್ಲಿಪ್ ಮುರಿದಿದ್ದೇನೆ. ಮೊದಲನೆಯದರಲ್ಲಿ ಸಣ್ಣ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದೆ. ಕ್ಯಾಪ್ ಬಂತು, ಜೊತೆಗೆ ಬಿಳಿ ಕ್ಲಿಪ್ಪಿನ ಒಂದು ಮೊಳೆಯೂ ಮುರಿದು ಬಂತು. ಸಾಸಿವೆಗಿಂತ ಸಣ್ಣದು, ಅಂಟು ಹಾಕಿದರೂ ನಿಲ್ಲುವುದಿಲ್ಲ. ಎರಡನೆಯದಕ್ಕೆ ಶೇಕಡಾ ತೊಂಬತ್ತೊಂಬತ್ತರ ಐಸೊಪ್ರೊಪೈಲ್ ಸ್ಪಿರಿಟ್ ಸುರಿದು ಅರ್ಧ ಗಂಟೆ ಕಾದೆ. ಏನೂ ಆಗಲಿಲ್ಲ, ಮತ್ತೆ ಎಳೆದೆ, ಮತ್ತೆ ಮುರಿಯಿತು. ಮೂರನೆಯದಕ್ಕೆ ಬಿಸಿಗಾಳಿ ಹಿಡಿದೆ. ಸಕ್ಕರೆ ಮೆತ್ತಗಾದದ್ದು ನಿಜ, ಆದರೆ ಕ್ಯಾಪಿನ ಅಂಚು ದೋಣಿಯ ಹಾಗೆ ಬಾಗಿತು. ಆನ್‌ಲೈನಿನಲ್ಲಿ ಒಂದು ಕೀ ತರಿಸಲು ಅಂಚೆ ಸೇರಿ ಇನ್ನೂರರ ಮೇಲೆ ಹೋಗುತ್ತದೆ. ಬಂದದ್ದು ಹೊಂದುತ್ತದೆ ಎಂಬ ಭರವಸೆಯೂ ಇಲ್ಲ, ಏಕೆಂದರೆ ಒಂದೇ ಕಂಪನಿಯ ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿಯೂ ಎರಡು ಮೂರು ಬಗೆಯ ಕ್ಲಿಪ್ ಇರುತ್ತದೆ. ಒಟ್ಟು ಸಾವಿರದೈನೂರರಷ್ಟು ಕೈಯಿಂದ ಹೋಯಿತು.

ಮಾಷ್ಟ್ರ ಯಂತ್ರ ಬಂದ ದಿನ ಮಧ್ಯಾಹ್ನ ಚಹಾದ ಲೋಟದ ತಳದಲ್ಲಿ ಉಳಿದ ಸಕ್ಕರೆ ನೋಡಿದಾಗ ತಲೆಗೆ ಹೊಳೆಯಿತು. ಒಂದು ಮುಚ್ಚಳದಲ್ಲಿ ಸ್ಪಿರಿಟ್, ಇನ್ನೊಂದರಲ್ಲಿ ಬೆಚ್ಚಗಿನ ನೀರು ಹಾಕಿ ಎರಡಕ್ಕೂ ಚಿಟಿಕೆ ಸಕ್ಕರೆ ಉದುರಿಸಿದೆ. ನೀರಿನದ್ದು ಕಣ್ಣೆದುರೇ ಮಾಯ. ಸ್ಪಿರಿಟಿನದ್ದು ಮರಳಿನ ಹಾಗೆ ತಳದಲ್ಲಿ ಬಿದ್ದಿತ್ತು, ಸಂಜೆಯವರೆಗೂ ಬಿದ್ದಿತ್ತು. ಸಕ್ಕರೆ ಕರಗುವುದು ನೀರಿನಲ್ಲಿ. ಜಿಡ್ಡು, ಅಂಟಿನ ಪಟ್ಟಿ ಬಿಡಿಸಲು ಸ್ಪಿರಿಟ್ ಒಳ್ಳೆಯದು, ಶರಬತ್ತಿಗೆ ಪ್ರಯೋಜನವಿಲ್ಲ. ಇಷ್ಟು ವರ್ಷ ನಾನು ಒಣಗಿದ ಸಕ್ಕರೆಯನ್ನು ಇನ್ನಷ್ಟು ಒಣಗಿಸುತ್ತಿದ್ದೆ.

ಹಾಗೆಂದು ಬರೀ ನೀರು ಬಿಟ್ಟರೆ ಅದು ಕ್ಯಾಪಿನ ಮೇಲೆ ಗುಂಡಗೆ ಕೂರುತ್ತದೆ, ಸಂದಿಗೆ ಇಳಿಯುವುದಿಲ್ಲ. ಸ್ಪಿರಿಟ್ ಬೆರೆಸಿದರೆ ಸರಕ್ಕನೆ ಒಳಗೆ ಹೋಗುತ್ತದೆ. ನಾನು ಡಿಸ್ಟಿಲ್ಡ್ ನೀರು ಮೂರು ಪಾಲು, ಸ್ಪಿರಿಟ್ ಸುಮಾರು ಒಂದು ಪಾಲು ಹಾಕಿದೆ. ನೀರನ್ನು ಮಾತ್ರ ಮೊದಲೇ ಬೆಚ್ಚಗೆ ಮಾಡಿಕೊಳ್ಳಬೇಕು, ಬೆರೆಸಿದ ಮೇಲೆ ಒಲೆಯ ಹತ್ತಿರ ತರಬಾರದು. ಬೆರಳು ಅದ್ದಿದರೆ ಹಿತವಾಗುವಷ್ಟು ಬಿಸಿ ಸಾಕು. ಬ್ಯಾಟರಿಯ ಕನೆಕ್ಟರ್ ತೆಗೆದಿಟ್ಟ ಮೇಲೆಯೇ ಈ ಕೆಲಸ.

ಇನ್ಸುಲಿನ್ ಸಿರಿಂಜಿನಲ್ಲಿ ಎಫ್ ಕೀಯ ನಾಲ್ಕು ಮೂಲೆಗೂ ಒಂದೊಂದು ಹನಿ ಬಿಟ್ಟೆ. ಹೆಚ್ಚು ಬಿಟ್ಟರೆ, ಕೀ ಒತ್ತಿದ್ದನ್ನು ಗುರುತಿಸುವ ಕೆಳಗಿನ ಪ್ಲಾಸ್ಟಿಕ್ ಹಾಳೆಗೆ ಇಳಿಯುತ್ತದೆ. ಯಂತ್ರವನ್ನು ಸ್ವಲ್ಪ ವಾಲಿಸಿ ಇಟ್ಟಿದ್ದೆ. ಹತ್ತು ನಿಮಿಷ ಬಿಟ್ಟು ಮತ್ತೊಂದು ಸುತ್ತು, ಹೀಗೆ ಮೂರು ಸುತ್ತು. ಇಲ್ಲಿಯೇ ಎಲ್ಲರೂ ಅವಸರ ಮಾಡುವುದು. ಹನಿ ಬಿಟ್ಟ ಕೂಡಲೇ ಎತ್ತಲು ಹೋಗಬಾರದು, ಮೊದಲು ಒತ್ತಬೇಕು. ಬೆರಳ ತುದಿಯಿಂದ ಒಮ್ಮೆ ಎಡಮೂಲೆ, ಒಮ್ಮೆ ಬಲಮೂಲೆ, ಹಗುರವಾಗಿ. ಮೊದಮೊದಲು ಕರಕರ ಎನ್ನುತ್ತದೆ. ಕೊನೆಗೆ ಸದ್ದು ನಿಂತು, ನಾಲ್ಕೂ ಮೂಲೆ ಒಂದೇ ಸಮ ಇಳಿದು ಒಂದೇ ಸಮ ಏಳುತ್ತದೆ. ಒಂದು ಮೂಲೆ ತಡವಾಗಿ ಎದ್ದರೂ ಒಳಗೆ ಕ್ಲಿಪ್ ಇನ್ನೂ ಅಂಟಿದೆ ಎಂದರ್ಥ, ಎಳೆದರೆ ಮೊಳೆ ಮುರಿಯುವುದು ಅದೇ ಮೂಲೆಯಲ್ಲಿ. ನನ್ನ ಎಫ್ ಮೇಲೆ ಬರಲು ನಲವತ್ತು ನಿಮಿಷ ಹಿಡಿಯಿತು. ತಮ್ಮ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದ.

ಎತ್ತುವ ಮೊದಲು ಪಕ್ಕದ ಜಿ ಕೀಯನ್ನು ತೆಗೆದು ನೋಡಿದೆ. ಅದು ಅಂಟಿರಲಿಲ್ಲ, ಅಳತೆಯೂ ಒಂದೇ, ಒಳಗಿನ ರಚನೆಯೂ ಒಂದೇ. ಕ್ಯಾಪಿನ ಅಡಿಯಲ್ಲಿ ಪರದೆಯ ಕಡೆಗೆ ಬಾಯಿ ತೆರೆದ ಎರಡು ಪುಟ್ಟ ಹಿಡಿಕೆ, ನಮ್ಮ ಕಡೆಗೆ ಎರಡು ಕೊಕ್ಕೆ. ಹಿಡಿಕೆಯಿಂದ ಮೊಳೆ ಟಿಕ್ ಎಂದು ಮೇಲಕ್ಕೆ ಬಿಡುತ್ತದೆ, ಕೊಕ್ಕೆಯಿಂದ ಅಡ್ಡಕ್ಕೆ ಜಾರಿಯೇ ಹೊರಬರಬೇಕು. ಆದ್ದರಿಂದ ಎತ್ತುವುದು ಪರದೆಯ ಕಡೆಯಿಂದ. ಕೊಕ್ಕೆಯ ಕಡೆಯಿಂದ ಎತ್ತಿದವನು ಮುರಿದೇ ಮುರಿಯುತ್ತಾನೆ. ಕೆಲವು ಮಾದರಿಗಳಲ್ಲಿ ಇದು ತಿರುಗುಮುರುಗು, ಅದಕ್ಕೇ ಮೊದಲು ಪಕ್ಕದ ಕೀ ನೋಡುವುದು.

ಲೋಹದ ಉಪಕರಣ ಮುಟ್ಟಲಿಲ್ಲ. ಹಲ್ಲಿನ ಸಂದಿ ಶುಚಿಮಾಡುವ ಫ್ಲಾಸ್ ನೂಲನ್ನು ಮೇಲಿನ ಎರಡು ಮೂಲೆಗಳ ಕೆಳಗೆ ತೂರಿಸಿ ಎರಡೂ ಕೈಯಿಂದ ನಿಧಾನಕ್ಕೆ ಎತ್ತಿದೆ. ಟಿಕ್. ಸ್ವಲ್ಪ ತಡೆದು ಇನ್ನೊಂದು ಟಿಕ್. ಎರಡನೆಯದು ಕೇಳುವವರೆಗೆ ಬಲ ಹೆಚ್ಚಿಸಬಾರದು. ಆಮೇಲೆ ಕ್ಯಾಪನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಜಾರಿಸಿದರೆ ಕೊಕ್ಕೆ ತಾನೇ ಬಿಟ್ಟುಕೊಡುತ್ತದೆ. ನೂಲು ಜಾರದಂತೆ ನಾನು ಹಾಕುವ ಗಂಟೊಂದಿದೆ, ಅದು ಅಂಗಡಿಯ ಗುಟ್ಟು, ಇರಲಿ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ನೂಲಿನ ಬದಲು ಅಡಿಕೆ ಹಾಳೆಯ ಚೂಪು ತುಂಡಿನಿಂದ ಡಿ ಕೀ ಎಬ್ಬಿಸಲು ನೋಡಿದೆ. ಒದ್ದೆಯಾದೊಡನೆ ಮೆತ್ತಗಾಗಿ ಮಡಚಿಕೊಂಡಿತು. ಹಿಡಿಸೂಡಿಯ ಕಡ್ಡಿ ಮಾತ್ರ ಬಹಳ ಉಪಯೋಗಕ್ಕೆ ಬಂತು, ಎಬ್ಬಿಸಲು ಅಲ್ಲ, ಕ್ಲಿಪ್ಪಿನ ಸಂದಿಯ ಕೆಂಪು ಪಾಕ ಕೆರೆಯಲು. ಪ್ಲಾಸ್ಟಿಕ್ಕಿಗಿಂತ ಮೃದು, ಹತ್ತಿಯ ಹಾಗೆ ಎಳೆ ಬಿಡುವುದಿಲ್ಲ.

ಕ್ಲಿಪ್ ತೊಳೆದ ಮೇಲೆ ಶುದ್ಧ ಸ್ಪಿರಿಟಿಗೆ ಅದರ ಕೆಲಸ ಕೊಟ್ಟೆ, ಉಳಿದ ನೀರನ್ನು ಓಡಿಸುವುದು. ರಾತ್ರಿಯಿಡೀ ಫ್ಯಾನಿನ ಕೆಳಗಿಟ್ಟು ಬೆಳಿಗ್ಗೆ ಕ್ಯಾಪ್ ಕೂರಿಸಿದೆ, ಕೊಕ್ಕೆಯ ಕಡೆ ಮೊದಲು, ಆಮೇಲೆ ಹಿಡಿಕೆಯ ಕಡೆ ಒತ್ತಿ. ಎಫ್, ಡಿ, ವಿ ಮೂರೂ ಮುರಿಯದೆ ಕೂತವು. ಆರ್ ಕೂಡ ಕೂತಿತು, ಆದರೆ ಒಮ್ಮೆ ಒತ್ತಿದರೆ ಎರಡು ಮೂರು ಅಕ್ಷರ ಬೀಳುತ್ತಿತ್ತು. ಕ್ಯಾಪ್ ಸಲೀಸಾಗಿ ಆಡುತ್ತಿದ್ದೂ ಅಕ್ಷರ ತಪ್ಪಿದರೆ ಶರಬತ್ತು ಒಳಗಿನ ಹಾಳೆಗೆ ಇಳಿದಿದೆ ಎಂದೇ ತಿಳಿಯಬೇಕು, ಅದಕ್ಕೆ ಈ ಉಪಾಯ ನಡೆಯುವುದಿಲ್ಲ. ಮಾಷ್ಟ್ರಿಗೆ ಅದನ್ನು ಹೇಳಿಯೇ ಮುನ್ನೂರು ರೂಪಾಯಿ ತೆಗೆದುಕೊಂಡೆ. "ಆರ್ ಹೇಗಾದರೂ ನಡೆಸುತ್ತೇನೆ, ಒತ್ತಕ್ಷರ ಬಂತಲ್ಲ" ಎಂದರು.

ಮುಂದಿನ ವಾರ ಮಂಗಳೂರಿನ ಅಣ್ಣ ಚಹಾ ಬಿದ್ದ ಎರಡು ಯಂತ್ರಗಳನ್ನು ನನಗೇ ಕಳಿಸಿದರು. ಒಂದರಲ್ಲಿ ಆರು ಕೀ ಎಬ್ಬಿಸಿದೆ, ಒಂದೂ ಮುರಿಯಲಿಲ್ಲ. ಇನ್ನೊಂದರಲ್ಲಿ ಅಂಟಿದ್ದದ್ದು ಸ್ಪೇಸ್ ಬಾರ್. ಅದರಡಿಯ ತಂತಿಯ ಕೊಕ್ಕೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಎರಡೂ ಟಿಕ್ ಕೇಳಿಸಿದ ಮೇಲೆ ಧೈರ್ಯವಾಗಿ ಎಳೆದೆ, ಎಡಬದಿಯ ಕೊಕ್ಕೆ ಹೋಯಿತು. ನಾನೂರು ರೂಪಾಯಿ ಕೊಟ್ಟು ತರಿಸಿ ಹಾಕಿಕೊಟ್ಟೆ, ಆ ಕೆಲಸದಲ್ಲಿ ನನಗೆ ಸಿಕ್ಕಿದ್ದು ಐವತ್ತು.